ಲ್ಯಾಟಿನ್ ರೆಕ್ವಿಯಂನೊಳಗೆ ಗ್ರೀಕ್, ಹೀಬ್ರೂ ಯಾಕಿದೆ?

ಪ್ರಶ್ನೆ (ಕಾಯರ್‌ನ ಆಲ್ಟೋ): ನಾವು ಈ ಸಲ ಮೊಜಾರ್ಟನ ರೆಕ್ವಿಯಂ ಹಾಡ್ತಿದ್ದೇವೆ. ಸ್ವರಪುಸ್ತಕದಲ್ಲಿ ಸಾಹಿತ್ಯ ಲ್ಯಾಟಿನ್ ಅಂತಿದೆ. ಆದರೆ ಕೀರಿಯೆ ಗ್ರೀಕ್, ಹೊಸಾನ್ನ ಹೀಬ್ರೂ ಅಂತಾರೆ. ಅರ್ಥ ತಿಳಿಯದೆ ಹಾಡೋಕೆ ಮನಸ್ಸಿಲ್ಲ, ಯಾರಾದರೂ ಬಿಡಿಸಿ ಹೇಳ್ತೀರಾ?

ಬೈಬಲ್ ಭಾಷೆಗಳ ನಿವೃತ್ತ ಮೇಷ್ಟ್ರು: ಮೂರನ್ನೂ ಕನ್ನಡದ ವಿಭಕ್ತಿ ಹಿಡಿದು ನೋಡಿ, ಸುಲಭವಾಗಿ ಬಿಚ್ಚಿಕೊಳ್ಳುತ್ತವೆ.

'ರೆಕ್ವಿಯಂ' ಅಂದರೆ ವಿಶ್ರಾಂತಿ ಅಂತ ಎಲ್ಲರೂ ಹೇಳ್ತಾರೆ. ಸರಿಯಾಗಿ ಹೇಳಬೇಕಂದರೆ ಅದು 'ವಿಶ್ರಾಂತಿಯನ್ನು'. ಬರೀ ವಿಶ್ರಾಂತಿಗೆ ಲ್ಯಾಟಿನ್‌ನಲ್ಲಿ 'ರೆಕ್ವಿಯೆಸ್'. ನೀವು ಹಾಡುವ ಮೊದಲ ಸಾಲು 'ರೆಕ್ವಿಯಂ ಎತೆರ್ನಂ ದೋನಾ ಎಇಸ್, ದೋಮಿನೆ'. ಪದಕ್ಕೆ ಪದ ಇಟ್ಟರೆ 'ವಿಶ್ರಾಂತಿಯನ್ನು, ನಿತ್ಯವಾದುದನ್ನು, ಕೊಡು ಅವರಿಗೆ, ಪ್ರಭುವೇ'. ಸತ್ತವರಿಗಾಗಿ ಮಾಡುವ ಪೂಜೆ ಈ ಸಾಲಿನಿಂದ ಶುರುವಾಗುತ್ತಿತ್ತು, ಹಾಗಾಗಿ ಮೊದಲ ಪದವೇ ಇಡೀ ಪೂಜೆಗೆ ಹೆಸರಾಯಿತು. 'ಭಜಗೋವಿಂದಂ'ಗೆ ಹೆಸರು ಬಂದಂತೆಯೇ. ದ್ವಿತೀಯಾ ವಿಭಕ್ತಿಯ ಪ್ರತ್ಯಯವೂ ಕಳಚದೆ ಹೆಸರಿನ ಜೊತೆಗೇ ಉಳಿದುಬಿಟ್ಟಿತು!

'ಕೀರಿಯೆ' ಸಂಬೋಧನೆ. ಗ್ರೀಕ್‌ನಲ್ಲಿ ಒಡೆಯ 'ಕೀರಿಯೊಸ್', ಒಡೆಯನೇ ಅಂತ ಕರೆದರೆ 'ಕೀರಿಯೆ'. 'ಎಲೇಇಸೋನ್' ಅಂದರೆ ಕರುಣಿಸು.

ಹೊಸಾನ್ನದ್ದು ಬೇರೆಯೇ ಕಥೆ. 118ನೇ ಕೀರ್ತನೆಯಲ್ಲಿ 'ಹೋಶೀಆ ನಾ' ಅಂತ ಬರುತ್ತದೆ. 'ಹೋಶೀಆ' ಕಾಪಾಡು, 'ನಾ' ನಮ್ಮ 'ದಯಮಾಡಿ' ಇದ್ದಂತೆ. ಯೆಹೂದ್ಯರು ಪರ್ಣಶಾಲೆಗಳ ಹಬ್ಬದಲ್ಲಿ ಕೊಂಬೆ ಹಿಡಿದು ಇದನ್ನು ಕೂಗಿ ಕೂಗಿ, ಕೈಯಲ್ಲಿರುವ ಕೊಂಬೆಗೇ 'ಹೋಶಾನಾ' ಅಂತ ಹೆಸರು ಬಿತ್ತು. ಈಗ ಮತ್ತಾಯನ ಸುವಾರ್ತೆ ನೋಡಿ: 'ಹೊಸಾನ್ನ ದಾವೀದನ ಕುಮಾರನಿಗೆ'. ಈ 'ಗೆ' ಗಮನಿಸಿ. 'ಕಾಪಾಡು ದಾವೀದನ ಕುಮಾರನಿಗೆ' ಅಂದರೆ ವಾಕ್ಯ ಕೂರುವುದಿಲ್ಲ, 'ಜಯ ದಾವೀದನ ಕುಮಾರನಿಗೆ' ಅಂದರೆ ಕೂರುತ್ತದೆ. ಅಂದರೆ ಅಷ್ಟರಲ್ಲೇ ಮೊರೆ ಜಯಕಾರವಾಗಿ ತಿರುಗಿತ್ತು.

ಚರ್ಚ್ ಇತಿಹಾಸ ಓದುವವರು: ಕೀರಿಯೆ ಗ್ರೀಕ್‌ನಲ್ಲೇ ಉಳಿದಿದ್ದಕ್ಕೆ ಕಾರಣ ಸರಳ. ಮೊದಮೊದಲು ರೋಮಿನ ಕ್ರೈಸ್ತರು ಪ್ರಾರ್ಥಿಸುತ್ತಿದ್ದದ್ದೇ ಗ್ರೀಕ್‌ನಲ್ಲಿ. ಆಮೇಲೆ ಎಲ್ಲ ಲ್ಯಾಟಿನ್ ಆಯ್ತು, ಇದೊಂದು ತುಣುಕು ಮರೆತು ಉಳಿಯಿತು. ಇನ್ನೊಂದು, 'ಎಲೇಇಸೋನ್' ಬಂದದ್ದು ಆಲಿವ್ ಎಣ್ಣೆಯ ಪದದಿಂದ, ಗಾಯಕ್ಕೆ ಹಚ್ಚುವ ಎಣ್ಣೆಯಂಥ ಕರುಣೆ ಅಂತ.

ಮೇಷ್ಟ್ರು: ರೋಮಿನಲ್ಲಿ ಗ್ರೀಕ್ ಇತ್ತು ಅನ್ನೋದು ನಿಜ ಸರ್. ಅದರಿಂದ ಕೀರಿಯೆ ಉಳಿಯಿತು ಅನ್ನೋದು ಕಷ್ಟ. 4ನೇ ಶತಮಾನದ ಕೊನೆಗೆ ಎಜೇರಿಯಾ ಎಂಬ ಯಾತ್ರಿಕಳು ಪಶ್ಚಿಮದಿಂದ ಜೆರುಸಲೇಮಿಗೆ ಹೋಗಿದ್ದಳು. ಸಂಜೆ ಪ್ರಾರ್ಥನೆಯಲ್ಲಿ ಡೀಕನ್ ಒಂದೊಂದು ಹೆಸರು ಓದಿದಾಗಲೂ ಮಕ್ಕಳ ಗುಂಪು 'ಕೀರಿಯೆ ಎಲೇಇಸೋನ್' ಅನ್ನುತ್ತಿತ್ತಂತೆ. ಅದನ್ನು ಬರೆದು, ನಾವು 'ಮಿಸೆರೆರೆ ದೋಮಿನೆ' ಅನ್ನುತ್ತೇವಲ್ಲ, ಅದೇ ಇದು ಅಂತ ತನ್ನೂರಿನವರಿಗೆ ವಿವರಿಸುತ್ತಾಳೆ. ಊರಲ್ಲಿ ಬಳಕೆಯಲ್ಲಿದ್ದಿದ್ದರೆ ವಿವರಿಸುವ ಅಗತ್ಯವೇ ಇರಲಿಲ್ಲ. ಪೂರ್ವದಿಂದ ಆಮೇಲೆ ಬಂತು ಅನ್ನುವ ವಾದವೇ ನನಗೆ ಗಟ್ಟಿಯಾಗಿ ಕಾಣುತ್ತದೆ. 598ರಲ್ಲಿ ಪೋಪ್ ಗ್ರೆಗೊರಿಯ ಮೇಲೆ, ನೀವು ಗ್ರೀಕರನ್ನು ನಕಲು ಮಾಡ್ತೀರಿ ಅಂತ ದೂರು ಬಂದಿತ್ತು. ಇಲ್ಲ, ನಾವು 'ಕ್ರಿಸ್ತೆ ಎಲೇಇಸೋನ್' ಕೂಡ ಹೇಳುತ್ತೇವೆ, ಗ್ರೀಕರು ಹೇಳುವುದಿಲ್ಲ ಅಂತ ಪೋಪ್ ಸಮಜಾಯಿಷಿ ಬರೆದರು. ನಿಮ್ಮ ಮೊಜಾರ್ಟನಲ್ಲೂ ಆ 'ಕ್ರಿಸ್ತೆ' ಇದೆ.

ಎಣ್ಣೆ ಬಿಡಿ. ಕರುಣೆ 'ಎಲೆಯೊಸ್', ಎಣ್ಣೆ 'ಎಲಾಯಿಯೊನ್'. ಕೇಳಲು ಹತ್ತಿರ, ಬೇರು ಬೇರೆ. ಪ್ರಸಂಗದಲ್ಲಿ ಚೆನ್ನಾಗಿ ಕೇಳಿಸುತ್ತದೆ ಅಂತ ಓಡುತ್ತಿದೆ, ಅಷ್ಟೇ.

ಇತಿಹಾಸ ಓದುವವರು: ಎಣ್ಣೆ ಬಿಟ್ಟೆ. ರೋಮಿನ ವಿಷಯ ಇನ್ನೂ ಪೂರ್ತಿ ಒಪ್ಪಿಲ್ಲ. ಎಜೇರಿಯಾ ರೋಮಿನವಳು ಅಂತ ಎಲ್ಲೂ ಇಲ್ಲವಲ್ಲ!

ಮೇಷ್ಟ್ರು: ಆ ಮಾತು ಸರಿ.

ಬೆಂಗಳೂರಿನ ಗೃಹಿಣಿ: ನಮ್ಮ ಪಕ್ಕದ ಮನೆಯ ಮಲಯಾಳಿ ಅಮ್ಮಚ್ಚಿ ಸಂಜೆ 'ಕುರಿಯೆಲಾಯಿಸೋನ್' ಅಂತಾರೆ. ಇಷ್ಟು ದಿನ ಮಲಯಾಳಂ ಪದ ಅಂದುಕೊಂಡಿದ್ದೆ! ಅಂದಹಾಗೆ ನಮ್ಮ ಮಾವನವರ ಸಮಾಧಿ ಕಲ್ಲಿಗೆ ಆರ್.ಐ.ಪಿ. ಕೆತ್ತಿಸಬೇಕು. ಅದೇ ರೆಕ್ವಿಯಂ ತಾನೆ?

ಮೇಷ್ಟ್ರು: ಅಮ್ಮಚ್ಚಿ ಸುರಿಯಾನಿ ಸಂಪ್ರದಾಯದವರಿರಬೇಕು, ಅವರಲ್ಲೂ ಈ ಗ್ರೀಕ್ ಮಾತು ಹಾಗೇ ಉಳಿದಿದೆ. ಕಲ್ಲಿನದು ರೆಕ್ವಿಯಂ ಅಲ್ಲಮ್ಮ, ಅದರ ಬಂಧು. 'ರೆಕ್ವಿಯೆಸ್ಕಾತ್ ಇನ್ ಪಾಚೆ', ಶಾಂತಿಯಲ್ಲಿ ವಿಶ್ರಮಿಸಲಿ. ಒಬ್ಬರಿಗೆ 'ರೆಕ್ವಿಯೆಸ್ಕಾತ್', ಹಲವರಿಗೆ 'ರೆಕ್ವಿಯೆಸ್ಕಾಂತ್'. ಮೂರೇ ಅಕ್ಷರ ಕೆತ್ತಿಸಿದರೆ ಎರಡಕ್ಕೂ ನಡೆಯುತ್ತದೆ.

ಆಲ್ಟೋ: ಸರ್, ನಮ್ಮಲ್ಲಿ ಅರ್ಧ ಜನ 'ದೋನಾ ಐಸ್' ಅಂತ ಹಾಡ್ತಾರೆ.

ಮೇಷ್ಟ್ರು: 'ಎ-ಇಸ್', ಎರಡು ಮಾತ್ರೆಯಲ್ಲಿ ಬಿಡಿಸಿ ಹೇಳಿ. ಅದು 'ಅವರಿಗೆ', ಬಹುವಚನ. ಒಬ್ಬರಿಗಾದರೆ 'ಎಇ'. ಸ್ವರಪುಸ್ತಕದಲ್ಲಿ ಆ ಪದದ ಮೇಲೆ ಎರಡು ಸ್ವರ ಇದೆಯಾ ನೋಡಿ, ಹಾಡುವಾಗ 'ಐಸ್' ಅಂದವರ ಎರಡನೇ ಸ್ವರ ತೇಲಿಹೋಗುವುದು ಕಿವಿಗೇ ಗೊತ್ತಾಗುತ್ತದೆ.