ಜರ್ಮನ್ ವಿಭಕ್ತಿ: ನಮ್ಮ ‘ಗೆ’ ಎಲ್ಲಿ ಕೈಕೊಡುತ್ತೆ?

ಕೇಳಿದವರು: ಜರ್ಮನ್‌ನ ಮೊದಲ ಹಂತದ ಎ1 ಪರೀಕ್ಷೆಗೆ ಓದ್ತಿದ್ದೀನಿ. ‘ಅನ್ನು’ ಬಂದ್ರೆ ಡೇನ್, ‘ಗೆ’ ಬಂದ್ರೆ ಡೇಮ್ ಅಂತ ಹಾಕ್ತೀನಿ, ಅರ್ಧ ತಪ್ಪಾಗ್ತಿದೆ. ನೀವೆಲ್ಲ ಹೇಗೆ ಕಲಿತ್ರಿ?

ಕುವೆಂಪುನಗರ: ನಮ್ಮ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತೆ, ಅವರ ಗುರುತು ಮುಂದಿನ ಆರ್ಟಿಕಲ್‌ನಲ್ಲಿರುತ್ತೆ. ಡೇರ್ ಮಾನ್ ಗಂಡಸು, ಡೇನ್ ಮಾನ್ ಗಂಡಸನ್ನು, ಡೇಮ್ ಮಾನ್ ಗಂಡಸಿಗೆ. ಡೆಸ್ ಮಾನೆಸ್, ಗಂಡಸಿನ, ಇಲ್ಲಿ ಬಾಲವೂ ಬದಲಾಗುತ್ತೆ. ಅದಕ್ಕೇ ‘ಡೇನ್ ಮಾನ್ ಬೈಸ್ಟ್ ಡೇರ್ ಹುಂಡ್’ ಅಂತ ತಿರುಗಿಸಿದ್ರೂ ಕಚ್ಚೋದು ನಾಯೀನೇ.

ಎಡವೋದು ಇಲ್ಲೇ: ನಾವು ‘ಗಂಡಸಿಗೆ ನಾಯಿ ಕಚ್ತು’, ‘ಅವನಿಗೆ ಫೋನ್ ಮಾಡ್ದೆ’ ಅಂತೀವಿ. ಜರ್ಮನ್‌ನಲ್ಲಿ ಎರಡಕ್ಕೂ ಡೇನ್. ‘ಅವನನ್ನು ಹಿಂಬಾಲಿಸಿದೆ’ ಅನ್ನೋ ಕಡೆ ಡೇಮ್. ವಿಭಕ್ತಿ ಆರಿಸೋದು ಅವರ ಕ್ರಿಯಾಪದ, ನಮ್ಮದಲ್ಲ. ನೋಟ್‌ಬುಕ್‌ನಲ್ಲಿ ‘ಆನ್‌ರೂಫೆನ್, ಡೇನ್’, ‘ಫೋಲ್ಗೆನ್, ಡೇಮ್’ ಅಂತ ಜೋಡಿಯಾಗೇ ಬರ್ಕೊಳ್ಳಿ.

ಮಂಡ್ಯ: ಫೋನ್ ಮಾಡೋಕೆ ಡೇನೇ ಅಂತ ಯಾರು ಹೇಳಿದ್ದು? ನನ್ನ ಮಗಳು ಇರೋದು ಸ್ವಿಟ್ಜರ್‌ಲೆಂಡ್‌ನಲ್ಲಿ, ಅಲ್ಲಿಯವರು ಡೇಮ್ ಅಂತಾರೆ.

ಕುವೆಂಪುನಗರ: ಅಲ್ಲಿ ಅಂತಾರೆ ಸಾರ್, ಸರಿ. ಇವರು ಬರೀತಿರೋದು ಪರೀಕ್ಷೆ. ಅಲ್ಲಿ ಡೇಮ್ ಬರೆದ್ರೆ ಅಂಕ ಹೋಗುತ್ತೆ.

ಮಂಡ್ಯ: ಆಡೋ ಮಾತು ತಪ್ಪು, ಪುಸ್ತಕದ್ದೇ ಸರಿ ಅನ್ನೋದನ್ನ ನಾನು ಒಪ್ಪಲ್ಲ.

ಸರಸ್ವತೀಪುರಂ: ಇಷ್ಟೆಲ್ಲ ಯಾಕೆ? ಚಲನೆ ಇದ್ರೆ ಅಕ್ಕುಸಾಟಿಫ್, ಅಂದ್ರೆ ಡೇನ್ ಬರೋ ವಿಭಕ್ತಿ, ಇಲ್ದಿದ್ರೆ ಡಾಟಿಫ್, ಅಂದ್ರೆ ಡೇಮ್ ಬರೋದು. ‘ಅಡುಗೆಮನೆಗೆ ಹೋದೆ’ ಇನ್ ಡೀ ಕ್ಯುಶೆ, ‘ಅಡುಗೆಮನೆಯಲ್ಲಿದೀನಿ’ ಇನ್ ಡೇರ್ ಕ್ಯುಶೆ. ನಮ್ಮ ‘ಗೆ’ಗೆ ಅಕ್ಕುಸಾಟಿಫ್, ‘ಅಲ್ಲಿ’ಗೆ ಡಾಟಿಫ್, ಪೂರ್ತಿ ತಲೆಕೆಳಗು. ಮುಗೀತು.

ಕುವೆಂಪುನಗರ: ಮುಗೀಲಿಲ್ಲ ಮೇಡಂ. ಅಡುಗೆಮನೆಯೊಳಗೇ ಅತ್ತಿಂದಿತ್ತ ಓಡಾಡ್ತಿದ್ರೆ ಚಲನೆ ಇದೆ, ಆದ್ರೂ ಇನ್ ಡೇರ್ ಕ್ಯುಶೆ. ಹೊರಗಿಂದ ಒಳಕ್ಕೆ ದಾಟಿದ್ರೆ ಮಾತ್ರ ಡೀ. ಅದೂ ‘ಒಳಗೆ’, ‘ಮೇಲೆ’ ಅನ್ನೋ ಅರ್ಥದ ಇನ್, ಆನ್, ಔಫ್ ತರದ ಒಂಬತ್ತು ಪದಗಳಿಗಷ್ಟೇ. ‘ಹತ್ರ’, ‘ಜೊತೆ’, ‘ಇಂದ’ ಅನ್ನೋ ಟ್ಸು, ಮಿಟ್, ಫೊನ್ ಬಂದ್ರೆ ಯಾವಾಗ್ಲೂ ಡಾಟಿಫ್. ಡಾಕ್ಟರ್ ಹತ್ರ ಹೋಗೋದೂ ಚಲನೆ ತಾನೇ? ಅದು ಟ್ಸುಮ್ ಆರ್ಟ್ಸ್ಟ್, ಅಂದ್ರೆ ಟ್ಸು ಡೇಮ್.

ಸರಸ್ವತೀಪುರಂ: ಶುರುವಿನಲ್ಲೇ ಇಷ್ಟು ಅಪವಾದ ತುರುಕಿದ್ರೆ ಯಾರೂ ಕಲಿಯಲ್ಲ. ನನ್ನ ಸೂತ್ರದಲ್ಲೇ ನಾನು ಪಾಸಾಗಿದ್ದು.

ಶ್ರೀರಂಗಪಟ್ಟಣ: ನೀವಿಬ್ರೂ ಒಂದು ಬಿಟ್ರಿ. ಕ್ಯುಶೆ ಸ್ತ್ರೀಲಿಂಗ, ಡಾಟಿಫ್‌ನಲ್ಲಿ ಡೀ ಹೋಗಿ ಡೇರ್ ಆಗುತ್ತೆ. ಆ ಡೇರ್ ನೋಡಿ ಹೊಸಬರು ಪುಲ್ಲಿಂಗದ ಕರ್ತೃ ಅಂದ್ಕೋತಾರೆ. ಅಕ್ಕುಸಾಟಿಫ್‌ನಲ್ಲಿ ರೂಪ ಬದಲಾಗೋದು ಪುಲ್ಲಿಂಗ ಏಕವಚನಕ್ಕೆ ಮಾತ್ರ, ಡೀ, ಡಾಸ್ ಹಾಗೇ ಇರ್ತವೆ. ಲಿಂಗ ಗೊತ್ತಿಲ್ದೆ ವಿಭಕ್ತಿ ಹಿಡಿಯೋಕಾಗಲ್ಲ. ಅದನ್ನೇ ಮೊದಲು ಕಲೀಬೇಕು.

ಸರಸ್ವತೀಪುರಂ: ಲಿಂಗ ಉರು ಹೊಡೀತಾ ಕೂತವರು ಆರು ತಿಂಗಳಾದ್ರೂ ಒಂದು ವಾಕ್ಯ ಆಡಲ್ಲ.

ಕೇಳಿದವರು: ಹಾಗಾದ್ರೆ ಗೋಡೆಗೆ ಚಿತ್ರ ನೇತುಹಾಕೋವಾಗ ಆನ್ ಡೀ ವಾಂಡ್, ನೇತಾಡ್ತಿರೋವಾಗ ಆನ್ ಡೇರ್ ವಾಂಡ್. ಸರಿನಾ?

ಕುವೆಂಪುನಗರ: ಸರಿ. ಎರಡಕ್ಕೂ ಕ್ರಿಯಾಪದ ಹೆಂಗೆನ್ ಒಂದೇ, ಹಾಗಾಗಿ ಅಲ್ಲಿ ಆರ್ಟಿಕಲ್ ನೋಡದೆ ಗತಿಯಿಲ್ಲ.