ಪದಚರ್ಚೆ: ‘ವರ್ಚುವಲ್ ವಾಟರ್’ ಎಂದರೆ ಯಾವ ನೀರು? ಕನ್ನಡದಲ್ಲಿ ಏನೆನ್ನೋಣ?

ಸುಮಂಗಲಾ, ಧಾರವಾಡ

ಬಳಗದವರಿಗೆ ನಮಸ್ಕಾರ. ಆಹಾರ ವ್ಯಾಪಾರದ ನೀತಿಯನ್ನು ಓದುತ್ತಿರುವ ಎಂ.ಎ. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ವಾಟರ್ ಫುಟ್‌ಪ್ರಿಂಟ್’ಗೆ ‘ನೀರಿನ ಹೆಜ್ಜೆಗುರುತು’ ಎಂದು ಬರೆದು ಮುಂದೆ ಹೋದೆ. ಇಂಗಾಲದ ಹೆಜ್ಜೆಗುರುತು ಪತ್ರಿಕೆಗಳಲ್ಲಿ ರೂಢಿಯಾಗಿರುವುದರಿಂದ ಅದು ನಡೆಯುತ್ತದೆ. ತೊಡಕಾಗಿರುವುದು ‘ವರ್ಚುವಲ್ ವಾಟರ್’. ‘ವಾಸ್ತವಪ್ರಾಯ ನೀರು’ ಎಂದರೆ ತರಗತಿ ನಗುತ್ತದೆ. ‘ಕಲ್ಪಿತ ನೀರು’ ಎಂದರೆ ಸುಳ್ಳು ನೀರು ಎಂದಂತಾಗುತ್ತದೆ. ಸದ್ಯಕ್ಕೆ ‘ಮರೆನೀರು’ ಎಂದು ಬರೆದುಕೊಂಡಿದ್ದೇನೆ.

ಪದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಅರ್ಥ. ‘ಭಾರತವು ಅಕ್ಕಿಯ ಜೊತೆಗೆ ನೀರನ್ನೂ ರಫ್ತು ಮಾಡುತ್ತದೆ’ ಎಂಬ ವಾಕ್ಯವನ್ನು ಓದಿದ ವಿದ್ಯಾರ್ಥಿಯೊಬ್ಬ, ಅಕ್ಕಿಯಲ್ಲಿ ತೇವಾಂಶ ಶೇ 14ರಷ್ಟು ಮಾತ್ರ ಇರುವಾಗ ಮಿಕ್ಕ ನೀರು ಎಲ್ಲಿಗೆ ಹೋಯಿತು ಎಂದು ಕೇಳಿದ. ಹಸಿರು, ನೀಲಿ, ಬೂದು ಎಂದು ಬಣ್ಣ ಹಚ್ಚುತ್ತಾರಲ್ಲ, ಅದನ್ನೂ ಯಾರಾದರೂ ಬಿಡಿಸಿ ಹೇಳಬೇಕು.

ನಾಗರಾಜ, ಬೆಂಗಳೂರು

ಕೃಷಿ ವರದಿಗಾರಿಕೆಯಲ್ಲಿ ಈ ಲೆಕ್ಕವನ್ನು ನಾನು ಬಹಳ ಸಲ ಬಳಸಿದ್ದೇನೆ. ಒಂದು ಕಿಲೋ ಅಕ್ಕಿ ಬೆಳೆಯಲು ಗದ್ದೆಗೆ ಬಿಡುವ ನೀರು ಸುಮಾರು 5,000 ಲೀಟರ್. ನಾವು ವರ್ಷಕ್ಕೆ ಹೆಚ್ಚು ಕಡಿಮೆ 2 ಕೋಟಿ ಟನ್ ಅಕ್ಕಿಯನ್ನು ಹೊರಗೆ ಕಳಿಸುತ್ತೇವೆ. ಗುಣಿಸಿದರೆ 10,000 ಕೋಟಿ ಘನ ಮೀಟರ್, ಅಂದರೆ 3,500 ಟಿಎಂಸಿಗೂ ಮಿಕ್ಕಿ. ಕನ್ನಂಬಾಡಿಯಂಥ ಎಪ್ಪತ್ತು ಅಣೆಕಟ್ಟುಗಳ ನೀರನ್ನು ಹಡಗಿಗೆ ತುಂಬಿದ ಹಾಗೆ. ಮರೆನೀರು ಎಂದರೆ ಇದೇ. ಪದವೂ ಚೆನ್ನಾಗಿದೆ, ಇಟ್ಟುಕೊಳ್ಳಿ.

ಬಸವರಾಜ, ಪಿಡಿಒ

ಮೇಡಂ, ಬೂದು ನೀರಿನ ಬಗ್ಗೆ ನಾನು ಹೇಳಬಲ್ಲೆ. ಬಚ್ಚಲಿನಿಂದ, ಪಾತ್ರೆ ತೊಳೆಯುವ ಕಡೆಯಿಂದ ಬರುವ ನೀರೇ ಬೂದು ನೀರು; ಶೌಚಾಲಯದ್ದು ಕಪ್ಪು ನೀರು. ಸ್ವಚ್ಛ ಭಾರತ ಯೋಜನೆಯಲ್ಲಿ ನಮ್ಮ ಪಂಚಾಯಿತಿಯಲ್ಲಿ ಮನೆ ಮನೆಗೆ ಇಂಗುಗುಂಡಿ ಮಾಡಿಸಿದ್ದೇವೆ. ಆದರೆ ಊರ ಕೆಳಗಿನ ಓಣಿಯಲ್ಲಿ ಎರೆಮಣ್ಣು, ಗುಂಡಿಯಲ್ಲಿ ನೀರು ಇಂಗುತ್ತಲೇ ಇಲ್ಲ. ಇದಕ್ಕೆ ಯಾರಾದರೂ ಉಪಾಯ ಹೇಳಿದರೆ ಉಪಕಾರವಾಗುತ್ತದೆ. ಬೆಳೆಗೂ ಈ ನೀರಿಗೂ ಏನು ಸಂಬಂಧ ಎಂದು ಮಾತ್ರ ತಿಳಿಯಲಿಲ್ಲ.

ವೆಂಕಟರಮಣ, ರಾಯಚೂರು

ಮಣ್ಣು ಮತ್ತು ನೀರಿನ ಲೆಕ್ಕವನ್ನೇ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಿ.

ಸುಮಂಗಲಾ ಅವರ ವಿದ್ಯಾರ್ಥಿಗೆ ಮೊದಲು ಉತ್ತರ. ಮಿಕ್ಕ ನೀರು ಆವಿಯಾಗಿ ಹೋಯಿತು. ಎಲೆಗಳಿಂದ ಸ್ವಲ್ಪ, ಗದ್ದೆಯ ಮೈಯಿಂದ ಸ್ವಲ್ಪ. ಹೆಜ್ಜೆಗುರುತು ಎಣಿಸುವುದು ಹೀಗೆ ಆವಿಯಾಗಿ ಆ ಊರಿನ ಕೈ ತಪ್ಪಿದ ನೀರನ್ನು. ಗದ್ದೆಗೆ ಬಿಟ್ಟ ನೀರನ್ನಲ್ಲ. ನಾಗರಾಜ ಅವರು ಎಡವಿರುವುದು ಇಲ್ಲೇ. ಅವರ 5,000 ಲೀಟರ್ ತೂಬಿನ ಬಳಿ ಅಳೆದದ್ದು. ಅದರಲ್ಲಿ ಬಹುಪಾಲು ನೆಲಕ್ಕೆ ಇಳಿಯುತ್ತದೆ, ಬಸಿಗಾಲುವೆಗೆ ಸೇರುತ್ತದೆ, ಕೆಳಗಿನವನ ಗದ್ದೆಗೋ ಬಾವಿಗೋ ಮತ್ತೆ ಸಿಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಳ್ಳದ ನೀರನ್ನು ಎತ್ತಿ ಭತ್ತ ಬೆಳೆಯುವವರನ್ನು ಕೇಳಿ ನೋಡಿ.

ಒಂದು ಗದ್ದೆಯ ಕೈಲೆಕ್ಕ ಮಾಡೋಣ. ಅಂಕಿಗಳನ್ನು ಸುಲಭಕ್ಕಾಗಿ ಉರುಟು ಮಾಡಿದ್ದೇನೆ. ಮುಂಗಾರಿನ ಭತ್ತ ನಾಟಿಯಿಂದ ಕೊಯ್ಲಿನವರೆಗೆ 600 ಮಿಲಿಮೀಟರ್ ನೀರನ್ನು ಆವಿ ಮಾಡಿತು ಎನ್ನಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಎಂದರೆ 10 ಘನ ಮೀಟರ್; ಹಾಗಾಗಿ ಒಟ್ಟು 6,000 ಘನ ಮೀಟರ್. ಇಳುವರಿ 5 ಟನ್ ಬಂದರೆ ಟನ್ನಿಗೆ 1,200 ಘನ ಮೀಟರ್, ಅಂದರೆ ಕಿಲೋ ಭತ್ತಕ್ಕೆ 1,200 ಲೀಟರ್. ಗಿರಣಿಯಲ್ಲಿ ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಇಳಿಯುತ್ತದೆ. ಹೊಟ್ಟು, ತೌಡಿನ ಪಾಲನ್ನು ಸದ್ಯ ಬಿಟ್ಟರೆ, ಕಿಲೋ ಅಕ್ಕಿಗೆ ಸುಮಾರು 1,800 ಲೀಟರ್. ಇಳುವರಿ 3 ಟನ್ನಿಗೆ ಇಳಿದರೆ ಇದೇ ಅಂಕಿ 3,000 ಮುಟ್ಟುತ್ತದೆ. ನೀರು ಅಷ್ಟೇ, ಕಾಳು ಕಡಿಮೆ. ಅಕ್ಕಿಯ ಹೆಜ್ಜೆಗುರುತು ಇಷ್ಟು ಎಂದು ಒಂದೇ ಅಂಕಿ ಕೊಟ್ಟವರನ್ನು ‘ಯಾವ ಊರಿನ, ಯಾವ ಹಂಗಾಮಿನ ಅಕ್ಕಿ?’ ಎಂದು ಕೇಳಬೇಕು.

ಇನ್ನು ಬಣ್ಣ. ಆ 600 ಮಿಲಿಮೀಟರಿನಲ್ಲಿ 350 ಮಳೆಯಿಂದಲೇ ಬಂದು ಮಣ್ಣಿನಲ್ಲಿ ನಿಂತದ್ದಾದರೆ ಅದು ಹಸಿರು ನೀರು. ಕಾಲುವೆಯಿಂದಲೋ ಕೊಳವೆಬಾವಿಯಿಂದಲೋ ತಂದ 250 ನೀಲಿ ನೀರು. ಅದೇ ಗದ್ದೆಯ ಬೇಸಿಗೆ ಬೆಳೆಯಲ್ಲಿ ಹೆಚ್ಚು ಕಡಿಮೆ ಎಲ್ಲವೂ ನೀಲಿಯೇ. ಒಟ್ಟು ಅಂಕಿ ಹತ್ತಿರ ಹತ್ತಿರವಿದ್ದರೂ ಎರಡು ಅಕ್ಕಿಗಳ ಕಥೆ ಬೇರೆ.

ಬಸವರಾಜ ಅವರು ಹೇಳಿದ ಬೂದು ನೀರು ನಿಜವಾದ ಬೂದು ನೀರೇ, ಕನ್ನಡದಲ್ಲಿ ಆ ಹೆಸರಿಗೆ ಹಕ್ಕೂ ಅವರದ್ದೇ. ಹೆಜ್ಜೆಗುರುತಿನ ಬೂದು ಬೇರೆ. ಹೆಕ್ಟೇರಿಗೆ 100 ಕಿಲೋ ಸಾರಜನಕ ಹಾಕಿದ್ದರಲ್ಲಿ ಹತ್ತನೇ ಒಂದು ಪಾಲು ಸೋರಿ ನೀರಿಗೆ ಸೇರುತ್ತದೆ ಎಂದು ಹಿಡಿಯುತ್ತಾರೆ. ಆ 10 ಕಿಲೋವನ್ನು ಲೀಟರಿಗೆ 10 ಮಿಲಿಗ್ರಾಂ ಮಿತಿಗೆ ತೆಳುಮಾಡಲು 1,000 ಘನ ಮೀಟರ್ ಬೇಕು. 5 ಟನ್ನಿಗೆ ಹಂಚಿದರೆ ಟನ್ನಿಗೆ 200. ಈ ನೀರನ್ನು ಯಾರೂ ಬಿಟ್ಟಿಲ್ಲ, ಯಾರೂ ಕುಡಿದಿಲ್ಲ. ‘ಕಲ್ಪಿತ’ ಎಂಬ ಪದ ಎಲ್ಲಿಯಾದರೂ ಸಲ್ಲುವುದಾದರೆ ಇದಕ್ಕೆ ಮಾತ್ರ. ಟಿಪ್ಪಣಿಯಲ್ಲಿ ‘ಮಾಲಿನ್ಯ ತೆಳುಮಾಡುವ ನೀರು’ ಎಂದು ಬಿಡಿಸಿ ಬರೆದರೆ ಪಂಚಾಯಿತಿಯ ಬೂದು ನೀರಿನೊಂದಿಗೆ ಬೆರೆಯುವುದಿಲ್ಲ. ಹಸಿರು, ನೀಲಿಯ ಜೊತೆ ಇದನ್ನು ಕೂಡಿಸಿ ಒಂದು ಮೊತ್ತ ಮಾಡುವ ಅಭ್ಯಾಸ ನನಗೆ ಎಂದೂ ಹಿಡಿಸಲಿಲ್ಲ. (ಬಸವರಾಜ ಅವರೇ, ಎರೆಯಲ್ಲಿ ಇಂಗುಗುಂಡಿ ಇಂಗುವುದಿಲ್ಲ. ಆ ನೀರನ್ನು ಬಾಳೆಯ ಬುಡಕ್ಕೆ ಹಾಯಿಸಿ.)

ಕಾವೇರಮ್ಮ, ಕೊಡಗು

ಒಂದು ಲೋಟ ಕಾಫಿಗೆ 130 ಲೀಟರ್ ನೀರು ಎಂಬ ಅಂಕಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನೀರು ಕುಡಿಯುವ ಕಳ್ಳರಂತೆ ಬೆಳೆಗಾರರನ್ನು ನೋಡುತ್ತಾರೆ. ವೆಂಕಟರಮಣ ಅವರ ಲೆಕ್ಕ ಓದಿ ನಮ್ಮ ತೋಟದ್ದನ್ನೂ ಹಾಕಿದೆ. ರೊಬಸ್ಟಾಕ್ಕೆ ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಬರಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಒಂದೂವರೆ ಅಂಗುಲ ನೀರು ಕೊಡುತ್ತೇವೆ. ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಆಯಿತು. ಎಕರೆಗೆ 400 ಕಿಲೋ ಬೀಜ ಎಂದರೆ ಕಿಲೋಗೆ 400 ಲೀಟರಿನ ಒಳಗೆ. ಹುರಿದಾಗ ತೂಕ ಇಳಿಯುವುದನ್ನು ಸೇರಿಸಿ, ಲೋಟಕ್ಕೆ 7 ಗ್ರಾಂ ಪುಡಿ ಹಿಡಿದರೆ, 3 ಲೀಟರ್ ಚಿಲ್ಲರೆ. ಮಿಕ್ಕದ್ದೆಲ್ಲ ಕೊಡಗಿನ ಮಳೆ. ಆ ಮಳೆಯನ್ನು ಕಾಫಿ ಗಿಡ ಕುಡಿಯದಿದ್ದರೆ ನೆರಳಿನ ಮರಗಳು ಕುಡಿಯುತ್ತಿದ್ದವು. ಇದನ್ನು ‘ರಫ್ತು’ ಎಂದು ಹೇಗೆ ಕರೆಯುತ್ತೀರಿ?

ವೆಂಕಟರಮಣ

ಅಮ್ಮ, ಲೆಕ್ಕ ಸರಿಯಾಗಿದೆ. ಆದರೆ ಆ 3 ಲೀಟರ್ ತೊರೆ ಬತ್ತುವ ತಿಂಗಳಿನದು. ಎಲ್ಲ ತೋಟಗಳೂ ಒಂದೇ ವಾರದಲ್ಲಿ ತೊರೆಗೆ ಪಂಪು ಇಟ್ಟಾಗ ಕೆಳಗಿನವರಿಗೆ ಏನು ಉಳಿಯುತ್ತದೆ ಎಂಬುದನ್ನು 130 ಹೇಳುವುದಿಲ್ಲ, 3 ಕೂಡ ಹೇಳುವುದಿಲ್ಲ.

ಕಾವೇರಮ್ಮ

ನಮ್ಮದು ತೋಟದೊಳಗಿನ ಕೆರೆಯ ನೀರು, ತೊರೆಯದಲ್ಲ. ಎಲ್ಲರಿಗೂ ಕೆರೆ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಸುಮಂಗಲಾ

ಬಣ್ಣಗಳು ಬಿಡಿಸಿಕೊಂಡವು. ಈಗ ವ್ಯಾಪಾರದ ಕಡೆಗೆ. ಈ ಪರಿಕಲ್ಪನೆಯನ್ನು 1990ರ ದಶಕದ ಆರಂಭದಲ್ಲಿ ಹರಡಿದವರು ಲಂಡನ್ನಿನ ಟೋನಿ ಅಲನ್. ಅರಬ್ ದೇಶಗಳು ನೀರಿಲ್ಲದೆಯೂ ಹೇಗೆ ಉಣ್ಣುತ್ತಿವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದು ಟನ್ ಗೋಧಿ ತರಿಸಿದರೆ ಅದನ್ನು ಬೆಳೆಯಲು ಬೇಕಾಗುತ್ತಿದ್ದ ಸುಮಾರು ಸಾವಿರ ಘನ ಮೀಟರ್ ನೀರು ಮನೆಯಲ್ಲೇ ಉಳಿಯುತ್ತದೆ ಎಂಬುದು ಉತ್ತರ. ಅವರು ಮೊದಲು ಬಳಸಿದ ಹೆಸರು ‘ಹುದುಗಿದ ನೀರು’ ಎಂಬ ಅರ್ಥದ್ದು. ಅದು ಯಾರ ಕಿವಿಗೂ ಬೀಳಲಿಲ್ಲವೆಂದು ‘ವರ್ಚುವಲ್’ಗೆ ಬಂದರು. ಹೆಜ್ಜೆಗುರುತು ನಂತರದ್ದು, 2002ರಲ್ಲಿ ನೆದರ್ಲೆಂಡ್ಸಿನ ಆರ್ಯೆನ್ ಹುಕ್‌ಸ್ಟ್ರಾ ತಂದದ್ದು. ಸೌದಿ ಅರೇಬಿಯಾ ಮರಳುಗಾಡಿನ ಅಡಿಯ ಪ್ರಾಚೀನ ನೀರನ್ನು ಎತ್ತಿ ಗೋಧಿ ಬೆಳೆದು ರಫ್ತನ್ನೂ ಮಾಡಿತು. 2008ರಲ್ಲಿ ದೇಶಿ ಗೋಧಿಯ ಖರೀದಿಯನ್ನು ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿ 2016ರ ಹೊತ್ತಿಗೆ ಮುಗಿಸಿತು. ಇಲ್ಲಿಯವರೆಗೆ ಸಿದ್ಧಾಂತಕ್ಕೂ ನಡೆಗೂ ಹೊಂದಿಕೆಯಿದೆ.

ಆದರೆ ನಮ್ಮ ದೇಶದೊಳಗೆ ಅದು ತಲೆಕೆಳಗಾಗುತ್ತದೆ. ಅಂತರ್ಜಲ ಕುಸಿಯುತ್ತಿರುವ ಪಂಜಾಬಿನಿಂದ ಗಂಗೆ ಹರಿಯುವ ಬಿಹಾರಕ್ಕೆ ಧಾನ್ಯ ಹೋಗುತ್ತದೆ. ವಿದ್ಯಾರ್ಥಿಗಳಿಗೆ ನಾನು ಹೇಳಬೇಕೆಂದಿರುವುದು ಇಷ್ಟು: ಮರೆನೀರು ನೀರಿರುವಲ್ಲಿಂದ ಇಲ್ಲದ ಕಡೆಗೆ ತಾನಾಗಿ ಹರಿಯುವುದಿಲ್ಲ. ತಲೆಗೆ ಎಷ್ಟು ಜಮೀನಿದೆ, ಬೆಂಬಲ ಬೆಲೆಗೆ ಕೊಳ್ಳುವವರು ಮಂಡಿಯಲ್ಲಿ ಇದ್ದಾರೆಯೇ, ಪಂಪಿಗೆ ಕರೆಂಟು ಬಿಟ್ಟಿಯೇ, ಇವು ದಾರಿ ತೋರಿಸುತ್ತವೆ. ನೀರಿಗೆ ಬೆಲೆಯೇ ಇಲ್ಲದಿದ್ದಾಗ ವ್ಯಾಪಾರಿ ಅದನ್ನೇಕೆ ಎಣಿಸುತ್ತಾನೆ?

ನಾಗರಾಜ

ವೆಂಕಟರಮಣ ಅವರ 1,800ರಿಂದ ಗುಣಿಸಿದರೆ ನನ್ನ 3,500 ಟಿಎಂಸಿ 1,270ಕ್ಕೆ ಇಳಿಯುತ್ತದೆ. ಆದರೆ ಪಂಜಾಬಿನ ರೈತ ಎತ್ತುವುದು ಪೂರ್ತಿ ನೀರನ್ನಲ್ಲವೇ? ಮಟ್ಟ ಕುಸಿಯುವುದು ಎತ್ತಿದ್ದರಿಂದ, ಆವಿಯಾದದ್ದರಿಂದಲ್ಲ.

ವೆಂಕಟರಮಣ

1,270ನ್ನೂ ಬರೆಯಬೇಡಿ. ನನ್ನ ಒಂದು ಗದ್ದೆಯ ಲೆಕ್ಕವನ್ನು ಇಡೀ ದೇಶಕ್ಕೆ ಹಚ್ಚಿದಂತಾಗುತ್ತದೆ.

ಎತ್ತಿದ್ದರಲ್ಲಿ ಇಂಗಿದ್ದು ಮತ್ತೆ ಕೆಳಗೆ ಸೇರುತ್ತದೆ. ವರ್ಷದ ಕೊನೆಗೆ ಮಟ್ಟ ಇಳಿದಿರುವುದು ಆವಿಯಾದದ್ದಕ್ಕೂ ಮಳೆ ತುಂಬಿಕೊಟ್ಟದ್ದಕ್ಕೂ ಇರುವ ಅಂತರದಷ್ಟು. ಆದ್ದರಿಂದಲೇ 2009ರ ಪಂಜಾಬಿನ ಕಾಯ್ದೆ ಪಂಪಿಗೆ ಮಿತಿ ಹಾಕಲಿಲ್ಲ, ಭತ್ತದ ನಾಟಿಯನ್ನು ಜೂನ್ 10ಕ್ಕಿಂತ ಮೊದಲು ಮಾಡಬಾರದು ಎಂದಿತು. ಮೇ ತಿಂಗಳ ಬಿಸಿಗಾಳಿಯಲ್ಲಿ ನಿಂತ ಗದ್ದೆ ಸುಮ್ಮನೆ ಆವಿಯಾಗುತ್ತದೆ. ಮುಂಗಾರಿನ ಹತ್ತಿರಕ್ಕೆ ಸರಿಸಿದರೆ ಆವಿಯೂ ಕಡಿಮೆ, ಹಸಿರಿನ ಪಾಲೂ ಹೆಚ್ಚು.

ನಾಗರಾಜ

ಇಂಗಿದ ನೀರು ನೈರುತ್ಯ ಪಂಜಾಬಿನಲ್ಲಿ ಉಪ್ಪು ನೀರಿಗೆ ಸೇರಿದರೆ? ಅದು ಯಾರಿಗೂ ಮರಳಿ ಸಿಗುವುದಿಲ್ಲ.

ವೆಂಕಟರಮಣ

ಅಂಥ ಕಡೆ ನಿಮ್ಮ ಮಾತು ನಿಲ್ಲುತ್ತದೆ. ಅದನ್ನು ಕಳೆದುಹೋದ ನೀರೆಂದೇ ಎಣಿಸಬೇಕು. ಹೆಜ್ಜೆಗುರುತಿನ ಮಾಮೂಲು ಕೋಷ್ಟಕಗಳಲ್ಲಿ ಅದಕ್ಕೆ ಕಾಲಂ ಇಲ್ಲ.

ಸುಮಂಗಲಾ

ಟಿಪ್ಪಣಿಯ ಕೋಷ್ಟಕಕ್ಕೆ ಹಸಿರು, ನೀಲಿ ಎರಡೇ ಕಾಲಂ ಇಡುತ್ತಿದ್ದೇನೆ. ಪ್ರತಿ ಅಂಕಿಯ ಪಕ್ಕದಲ್ಲಿ ಊರು, ಹಂಗಾಮು, ಇಳುವರಿ. ತೆಳುಮಾಡುವ ನೀರು ಕೆಳಗೆ ಪ್ರತ್ಯೇಕ. ‘ಮರೆನೀರು’ ಇಟ್ಟುಕೊಳ್ಳಲೇ, ಅಲನ್ ಕೈಬಿಟ್ಟ ‘ಹುದುಗಿದ ನೀರ’ನ್ನೇ ನಾವು ಎತ್ತಿಕೊಳ್ಳೋಣವೇ? ತೌಡಿಗೆ ಎಷ್ಟು ಪಾಲು ಕೊಡಬೇಕೆಂಬ ಪ್ರಶ್ನೆಯನ್ನೂ ವೆಂಕಟರಮಣ ಅವರು ಬಾಕಿ ಉಳಿಸಿದ್ದಾರೆ. ತೂಕದ ಮೇಲೋ, ಮಾರಿದ ಬೆಲೆಯ ಮೇಲೋ?

ಬಸವರಾಜ

ಬಾಳೆ ನೆಡಿಸುತ್ತೇನೆ ಸರ್. ಮೇಡಂ, ನಮ್ಮ ಕಡೆ ತೌಡನ್ನು ಗಿರಣಿಯವನೇ ಇಟ್ಟುಕೊಳ್ಳುತ್ತಾನೆ. ಅದರ ನೀರು ಯಾರ ಲೆಕ್ಕಕ್ಕೆ ಹೋಗುತ್ತದೆ?