ಅಪ್‌ಡೇಟ್: ನ್ಯೂಯಾರ್ಕ್ ಬಳಕೆದಾರರಿಗೆ ಎರಡು ಸಲ ಹೋದ ರಿಮೈಂಡರ್

ನಾನು ಕೇಳಿದ್ದು: "ದಿನಕ್ಕೊಂದೇ ಹೋಗಬೇಕಾದ ರಿಮೈಂಡರ್ ನವೆಂಬರ್‌ನಲ್ಲಿ ಎರಡು ಸಲ ಹೋಯ್ತು, ಮಾರ್ಚ್‌ನಲ್ಲಿ ಕೆಲವರಿಗೆ ಬರಲೇ ಇಲ್ಲ. ಯಾಕೆ?"

ಕಾರಣ ಸಿಕ್ಕಿತು. ನಮ್ಮ ಜಾಬ್ ಪ್ರತಿ ನಿಮಿಷ ಎದ್ದು, ಬಳಕೆದಾರರ ಊರಿನ ಗಡಿಯಾರ ಅವರು ಆರಿಸಿದ ಸಮಯಕ್ಕೆ ಸರಿಯಾಗಿ ಸಮ ಇದೆಯಾ ಅಂತ ನೋಡುತ್ತಿತ್ತು. 2025ರ ನವೆಂಬರ್ 2ರಂದು ನ್ಯೂಯಾರ್ಕ್‌ನಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯ್ತು, ಹಾಗಾಗಿ ರಾತ್ರಿ 1:30 ಎರಡು ಸಲ ಬಂತು, ಒಮ್ಮೆ `05:30 UTC`ಗೆ, ಮತ್ತೆ `06:30 UTC`ಗೆ. ಲಾಗ್‌ನಲ್ಲಿ ಎರಡೂ ಸಾಲು ಹಾಗೇ ಇವೆ. ಅದೇ ವರ್ಷ ಮಾರ್ಚ್ 9ರಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ 1:59 ಆದ ಮೇಲೆ ನೇರ 3:00, ಹಾಗಾಗಿ 2:30 ಆರಿಸಿದವರ ಸಮಯ ಬರಲೇ ಇಲ್ಲ. ನಾನು ಸುಮ್ನೆ ಕ್ಯೂ ಮೇಲೆ ಅನುಮಾನಪಟ್ಟು ಎರಡು ದಿನ ಹಾಳು ಮಾಡಿಕೊಂಡೆ!

ಎಲ್ಲವನ್ನೂ UTCಗೆ ಬದಲಿಸಿ ಅಂದಿದ್ದರು ಕೆಲವರು. ಆಗ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ಬರುವುದು ಚಳಿಗಾಲದಲ್ಲಿ 7ಕ್ಕೇ ಬರುತ್ತೆ, ಅಲ್ವಾ? ಅದಕ್ಕೆ ಸ್ಥಳೀಯ ಸಮಯವನ್ನೂ `America/New_York` ಅನ್ನುವ ಹೆಸರನ್ನೂ ಹಾಗೇ ಉಳಿಸಿಕೊಂಡೆ. "ಸಮ" ಬದಲು "ಆ ಸಮಯ ಆಗಿದೆ ಅಥವಾ ದಾಟಿದೆ, ಇವತ್ತು ಇನ್ನೂ ಕಳಿಸಿಲ್ಲ" ಅಂತ ನೋಡುತ್ತೇನೆ. ಕಳಿಸುವ ಮೊದಲು ಈ ಕೀ ಇರುವ ಟೇಬಲ್‌ಗೆ ಒಂದು ಸಾಲು ಸೇರಿಸುತ್ತೇನೆ:

```sql
UNIQUE (user_id, job, local_date)
```

ಎರಡನೇ 1:30ಕ್ಕೆ ಆ ಸಾಲು ಸೇರುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತೆ. 2:30ರವರಿಗೆ ಆ ದಿನ 3:00ಕ್ಕೆ ಹೋಗುತ್ತೆ. ಎರಡೂ ತಾರೀಖು ಕೊಟ್ಟು ಟೆಸ್ಟ್ ಓಡಿಸಿದೆ, ಒಂದೊಂದೇ ಹೋಯ್ತು. ಗಂಟೆಗೊಮ್ಮೆ ಓಡುವ ಜಾಬ್‌ಗೆ ಮಾತ್ರ ಈ ಕೀ ಆಗಲ್ಲ, ಅದನ್ನು UTCಯಲ್ಲೇ ಬಿಟ್ಟಿದ್ದೇನೆ.